ವಿಧಾನವನ್ನು ಹೇಳುವುದು ಬೇರೆ, ಸಮರ್ಥಿಸುವುದು ಬೇರೆ: ‘ಶಕ್ತಿ’ ಯೋಜನೆಯ ಒಂದು ಪ್ರಶ್ನೆಗೆ ಯಾವ ದಾರಿ ಹೊಂದುತ್ತದೆ?

ಸಮಾಜ ವಿಜ್ಞಾನದ ಪ್ರಬಂಧಗಳಲ್ಲಿ ಸಂಶೋಧನಾ ವಿಧಾನದ ಅಧ್ಯಾಯ ತೆರೆದರೆ ಸಾಮಾನ್ಯವಾಗಿ ಇಂಥದೊಂದು ಪ್ಯಾರಾ ಸಿಗುತ್ತದೆ: “ಪ್ರಸ್ತುತ ಅಧ್ಯಯನವು ವಿವರಣಾತ್ಮಕ ಸ್ವರೂಪದ್ದಾಗಿದೆ. ಪ್ರಾಥಮಿಕ ಹಾಗೂ ದ್ವಿತೀಯಕ ಮೂಲಗಳಿಂದ ಮಾಹಿತಿ ಸಂಗ್ರಹಿಸಲಾಗಿದೆ. 384 ಮಾಹಿತಿದಾರರನ್ನು ಯಾದೃಚ್ಛಿಕ ಮಾದರಿಯಿಂದ ಆಯ್ದು ಪ್ರಶ್ನಾವಳಿ ನೀಡಲಾಗಿದೆ. ಶೇಕಡಾವಾರು ಪದ್ಧತಿಯಿಂದ ವಿಶ್ಲೇಷಿಸಲಾಗಿದೆ.”

ಈ ಪ್ಯಾರಾವನ್ನು ಎತ್ತಿಕೊಂಡು ಹೋಗಿ ರೇಷ್ಮೆ ಬೆಳೆಗಾರರ ಸಾಲದ ಬಗೆಗಿನ ಪ್ರಬಂಧಕ್ಕೆ ಅಂಟಿಸಿದರೆ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ. ಅಂಗನವಾಡಿ ಊಟದ ಪ್ರಬಂಧಕ್ಕೂ ಹಾಗೆಯೇ ಕೂರುತ್ತದೆ. ಎಲ್ಲಿಗಾದರೂ ಕೂರುವ ಪ್ಯಾರಾ ನಿಮ್ಮ ಪ್ರಶ್ನೆಯ ಬಗ್ಗೆ ಏನನ್ನೂ ಹೇಳಿಲ್ಲ ಎಂದೇ ಅರ್ಥ. ಏನು ಮಾಡಿದಿರಿ ಎಂಬುದು ಅಲ್ಲಿದೆ; ಈ ಪ್ರಶ್ನೆಗೆ ಇದೇ ಯಾಕೆ, ಬೇರೆ ದಾರಿ ಹಿಡಿದಿದ್ದರೆ ಏನು ತಪ್ಪುತ್ತಿತ್ತು ಎಂಬುದು ಇಲ್ಲ. ವೈವಾದಲ್ಲಿ ಕುಳಿತ ಪರೀಕ್ಷಕರು ಕೇಳುವುದು ಆ ಎರಡನೆಯದನ್ನೇ.

ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾಲ್ಕಾರು ವಿಧಾನಗಳನ್ನು ಅದರ ಪಕ್ಕದಲ್ಲಿ ಹಿಡಿದು ನೋಡೋಣ. ವಿಷಯ ನಮ್ಮ ಕಣ್ಣೆದುರಿನದೇ: 2023ರ ಜೂನ್ 11ರಂದು ಕರ್ನಾಟಕದಲ್ಲಿ ಶುರುವಾದ ಶಕ್ತಿ ಯೋಜನೆ, ಅಂದರೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣ.

ಮೊದಲು ಪ್ರಶ್ನೆ ಯಾವುದು ಎಂದು ಖಚಿತವಾಗಲಿ

“ಗ್ರಾಮೀಣ ಮಹಿಳೆಯರ ಮೇಲೆ ಶಕ್ತಿ ಯೋಜನೆಯ ಪರಿಣಾಮ” ಎನ್ನುವುದು ಶೀರ್ಷಿಕೆ, ಪ್ರಶ್ನೆಯಲ್ಲ. ಅದರೊಳಗೆ ಕನಿಷ್ಠ ಮೂರು ಪ್ರಶ್ನೆಗಳು ಅಡಗಿವೆ. ಎಷ್ಟು ಮಂದಿ ಹೆಂಗಸರು ಈಗ ಊರಾಚೆ ಕೆಲಸಕ್ಕೆ ಹೋಗುತ್ತಿದ್ದಾರೆ? ಹಾಗೆ ಹೆಚ್ಚಾಗಿದ್ದರೆ ಅದಕ್ಕೆ ಉಚಿತ ಬಸ್ಸೇ ಕಾರಣವೇ? ಬಸ್ಸು ಉಚಿತವಾದರೂ ಕೆಲವರು ಹೋಗುತ್ತಿಲ್ಲವಲ್ಲ, ಅವರನ್ನು ತಡೆದದ್ದು ಏನು? ಮೊದಲನೆಯದು ಎಣಿಕೆ ಕೇಳುತ್ತದೆ, ಎರಡನೆಯದು ಹೋಲಿಕೆ ಕೇಳುತ್ತದೆ, ಮೂರನೆಯದು ಮಾತುಕತೆ ಕೇಳುತ್ತದೆ. ಯಾವ ವಿಧಾನ ಸರಿ ಎಂಬ ಜಗಳ ಅರ್ಧದಷ್ಟು ಇಲ್ಲೇ ಮುಗಿಯುತ್ತದೆ. ಆದ್ದರಿಂದ ವಿಧಾನದ ಅಧ್ಯಾಯದ ಮೊದಲ ವಾಕ್ಯದಲ್ಲಿ ವಿಧಾನದ ಹೆಸರು ಬರುವುದಕ್ಕಿಂತ ಪ್ರಶ್ನೆ ಏನನ್ನು ಬೇಡುತ್ತಿದೆ ಎಂಬುದು ಬರಬೇಕು.

ಟಿಕೆಟ್ ಲೆಕ್ಕ

ನನ್ನ ಹತ್ತಿರ ಬಂದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಮೊದಲು ಹೇಳಿದ್ದು ಇದನ್ನೇ: “ಮೇಡಂ, ಶೂನ್ಯ ಟಿಕೆಟ್ ಲೆಕ್ಕವೇ ಇದೆಯಲ್ಲ, ಸರ್ವೆ ಯಾಕೆ ಬೇಕು?” ಆಸೆ ಸಹಜ. ಕಂಡಕ್ಟರ್ ಕೊಡುವ ಪ್ರತಿ ಶೂನ್ಯ ಟಿಕೆಟ್ಟೂ ಯಂತ್ರದಲ್ಲಿ ದಾಖಲಾಗುತ್ತದೆ. 2025ರ ಜುಲೈ ಹೊತ್ತಿಗೆ ಅವುಗಳ ಸಂಖ್ಯೆ 500 ಕೋಟಿ ಮುಟ್ಟಿತು. ಇಷ್ಟು ದೊಡ್ಡ ದತ್ತಾಂಶ ಯಾವ ಸರ್ವೆಯಿಂದಲೂ ಸಿಗುವುದಿಲ್ಲ.

ಆದರೆ ಟಿಕೆಟ್ ಎಣಿಸುವುದು ಪ್ರಯಾಣವನ್ನು, ಹೆಂಗಸರನ್ನಲ್ಲ. ಒಬ್ಬಳೇ ಎರಡು ಬಸ್ಸು ಬದಲಿಸಿದರೆ ಎರಡು ಟಿಕೆಟ್. ಟಿಕೆಟ್ಟಿನ ಮೇಲೆ ಹೆಸರಿರುವುದಿಲ್ಲ, ಹೋಗುತ್ತಿರುವುದು ಗಾರ್ಮೆಂಟ್ ಕಾರ್ಖಾನೆಗೋ ತವರಿಗೋ ಧರ್ಮಸ್ಥಳಕ್ಕೋ ತಿಳಿಯುವುದಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಯೋಜನೆಗೆ ಮುಂಚಿನ ಟಿಕೆಟ್ಟುಗಳಲ್ಲಿ ಗಂಡು ಹೆಣ್ಣು ಎಂಬ ಭೇದವಿರಲಿಲ್ಲ, ದೊಡ್ಡವರಿಗೆಲ್ಲ ಒಂದೇ ಟಿಕೆಟ್. ಹಾಗಾಗಿ ‘ಮೊದಲು ಎಷ್ಟು ಹೆಂಗಸರು ಓಡಾಡುತ್ತಿದ್ದರು’ ಎಂಬುದಕ್ಕೆ ಆ ಲೆಕ್ಕದಲ್ಲಿ ಉತ್ತರವಿಲ್ಲ.

ಹಾಗೆಂದು ಅದನ್ನು ಬಿಸಾಡಬೇಕಿಲ್ಲ. ಯಾವ ಮಾರ್ಗದಲ್ಲಿ, ದಿನದ ಯಾವ ಹೊತ್ತಿನಲ್ಲಿ ದಟ್ಟಣೆ ಇದೆ, ಬಸ್ಸುಗಳನ್ನು ಎಲ್ಲಿ ಹೆಚ್ಚಿಸಬೇಕು ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಮೂಲ ಇನ್ನೊಂದಿಲ್ಲ. ಸಾರಿಗೆ ಯೋಜನೆಯ ಪ್ರಬಂಧವಾಗಿದ್ದರೆ ನಾನೇ ಅದನ್ನು ಮೊದಲು ತರಿಸಿಕೋ ಎನ್ನುತ್ತಿದ್ದೆ. ಅವಳ ಪ್ರಶ್ನೆ ಕೂಲಿ ಕೆಲಸದ್ದಾಗಿತ್ತು.

ಬಸ್ ನಿಲ್ದಾಣದ ಸರ್ವೆ, ಮನೆ ಮನೆಯ ಸರ್ವೆ

ಹೆಚ್ಚಿನ ಪ್ರಬಂಧಗಳು ಎಡವುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು. ತಾಲ್ಲೂಕಿನ ಬಸ್ ನಿಲ್ದಾಣದಲ್ಲಿ ನಿಂತರೆ ಎರಡೇ ದಿನದಲ್ಲಿ ಇನ್ನೂರು ಪ್ರಶ್ನಾವಳಿ ತುಂಬುತ್ತವೆ. ಮನೆ ಮನೆ ತಿರುಗಿದರೆ ತಿಂಗಳು ಹಿಡಿಯುತ್ತದೆ. ಎರಡಕ್ಕೂ ‘ಪ್ರಾಥಮಿಕ ಮಾಹಿತಿ’ ಎಂದೇ ಹೆಸರು. ಸಿಗುವ ಉತ್ತರ ಮಾತ್ರ ಒಂದೇ ಅಲ್ಲ.

ಲೆಕ್ಕಕ್ಕೆಂದು ಒಂದು ಊರನ್ನು ಕಲ್ಪಿಸಿಕೊಳ್ಳಿ. ಅಲ್ಲಿ 100 ಮಂದಿ ಹೆಂಗಸರು. 10 ಮಂದಿ ತಿಂಗಳಲ್ಲಿ 25 ದಿನ ಬಸ್ಸು ಹತ್ತುತ್ತಾರೆ, 40 ಮಂದಿ ಸಂತೆಗೋ ಆಸ್ಪತ್ರೆಗೋ ಎಂದು ಎರಡು ದಿನ ಹತ್ತುತ್ತಾರೆ, ಉಳಿದ 50 ಮಂದಿ ಹತ್ತುವುದೇ ಇಲ್ಲ. ತಿಂಗಳಿಗೆ ಮೊದಲ ಗುಂಪಿನಿಂದ 250 ಬಾರಿ, ಎರಡನೆಯ ಗುಂಪಿನಿಂದ 80 ಬಾರಿ, ಒಟ್ಟು 330 ಬಾರಿ ಊರಿನ ಹೆಂಗಸರು ನಿಲ್ದಾಣದಲ್ಲಿ ಕಾಣಿಸಿಕೊಳ್ಳುತ್ತಾರೆ. ನೀವು ಯಾವುದೋ ಒಂದು ದಿನ ಅಲ್ಲಿ ನಿಂತು ಎದುರಾದವರನ್ನು ಕೇಳಿದರೆ, ನಾಲ್ವರಲ್ಲಿ ಮೂವರು ದಿನಾ ಓಡಾಡುವವರೇ ಆಗಿರುತ್ತಾರೆ. ಊರಿನಲ್ಲಿ ಅವರ ಪಾಲು ಹತ್ತರಲ್ಲಿ ಒಂದು ಮಾತ್ರ. ಬಸ್ಸು ಹತ್ತದ ಅರ್ಧ ಊರಂತೂ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ‘ಶಕ್ತಿಯಿಂದ ಶೇ. 75 ಮಹಿಳೆಯರಿಗೆ ಉದ್ಯೋಗಕ್ಕೆ ಅನುಕೂಲ’ ಎಂಬ ಫಲಿತಾಂಶ ಹುಟ್ಟುವುದು ಹೀಗೆ. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ, ನಿಂತ ಜಾಗವೇ ಉತ್ತರವನ್ನು ತೀರ್ಮಾನಿಸಿಬಿಟ್ಟಿದೆ.

ಹಾಗಾದರೆ ನಿಲ್ದಾಣದ ಸರ್ವೆ ಯಾವಾಗ ಸರಿ? ಪ್ರಶ್ನೆ ಪ್ರಯಾಣಿಕರದ್ದೇ ಆಗಿದ್ದಾಗ: ನೂಕುನುಗ್ಗಲು, ಕಂಡಕ್ಟರ್ ವರ್ತನೆ, ಕಾಯುವ ಹೊತ್ತು. ಕೆಲಸಕ್ಕೆ ಹೋಗುವವರ ಪ್ರಮಾಣ ತಿಳಿಯಬೇಕಾದರೆ ಬಸ್ಸು ಹತ್ತದವರೂ ಲೆಕ್ಕಕ್ಕೆ ಬರಬೇಕು, ಅದಕ್ಕೆ ಮನೆಪಟ್ಟಿಯಿಂದ ಆಯ್ದ ಸರ್ವೆಯೇ ಆಗಬೇಕು. ಈ ಎರಡು ವಾಕ್ಯಗಳನ್ನು ಹೀಗೆಯೇ ಅಧ್ಯಾಯದಲ್ಲಿ ಬರೆಯಿರಿ. ಸಮರ್ಥನೆ ಎಂದರೆ ಇಷ್ಟೇ.

ಇನ್ನು 384. ಈ ಸಂಖ್ಯೆಯನ್ನು ಎಷ್ಟು ಪ್ರಬಂಧಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಅದು ಬರುವುದು ಇಲ್ಲಿಂದ:

```
n = 1.96² × 0.5 × 0.5 / 0.05² = 384.16
```

ಅಂದರೆ ಶೇ. 95 ವಿಶ್ವಾಸಮಟ್ಟದಲ್ಲಿ, ಒಂದೇ ಒಂದು ಪ್ರಮಾಣವನ್ನು ಶೇ. 5ರಷ್ಟು ಆಚೀಚೆಯೊಳಗೆ ಅಂದಾಜಿಸಲು ಬೇಕಾದ ಸಂಖ್ಯೆ. ಅದಕ್ಕೊಂದು ಷರತ್ತಿದೆ: ಇಡೀ ಜನಸಮೂಹದ ಪಟ್ಟಿಯಿಂದ ಚೀಟಿ ಎತ್ತಿದಂತೆ ಒಬ್ಬೊಬ್ಬರನ್ನೂ ಬಿಡಿಬಿಡಿಯಾಗಿ ಆಯ್ದಿರಬೇಕು. ನಿಲ್ದಾಣದಲ್ಲಿ ಸಿಕ್ಕವರನ್ನು ಕೇಳಿದವರಿಗೆ ಈ ಸೂತ್ರ ಅನ್ವಯಿಸುವುದೇ ಇಲ್ಲ. ಅಲ್ಲಿ 384 ಮಂದಿಯನ್ನು ಕೇಳಿದರೂ 3,840 ಮಂದಿಯನ್ನು ಕೇಳಿದರೂ ವಾಲಿಕೆ ಅಷ್ಟೇ ಇರುತ್ತದೆ.

ಮೊದಲು ಊರುಗಳನ್ನು ಆಯ್ದು, ಪ್ರತಿ ಊರಿನಲ್ಲಿ 20 ಮಂದಿಯನ್ನು ಕೇಳಿದರೂ ಲೆಕ್ಕ ಬದಲಾಗುತ್ತದೆ. ಒಂದೇ ಊರಿನವರಿಗೆ ಒಂದೇ ಬಸ್ಸು, ಒಂದೇ ರಸ್ತೆ, ಒಂದೇ ಬೆಳೆ. ಅವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಆ ಹೋಲಿಕೆಯ ಅಳತೆ 0.05ರಷ್ಟು ಸಣ್ಣದಿದ್ದರೂ ಬೇಕಾದ ಮಾದರಿ 1 + (20 − 1) × 0.05, ಅಂದರೆ 1.95 ಪಟ್ಟು ಹಿಗ್ಗುತ್ತದೆ. 384 ಬೇಕಿದ್ದಲ್ಲಿ ಸುಮಾರು 750 ಬೇಕು. 750 ಮಾಡಲು ಆಗದಿದ್ದರೆ ಅದನ್ನೇ ಹೇಳಿ: “ಊರುವಾರು ಆಯ್ಕೆಯ ಕಾರಣ ನಮ್ಮ 384 ಮಾಹಿತಿದಾರರು ಸುಮಾರು 197 ಬಿಡಿ ಆಯ್ಕೆಗಳಿಗೆ ಸಮ, ಹಾಗಾಗಿ ಅಂದಾಜುಗಳು ಶೇ. 7ರಷ್ಟು ಆಚೀಚೆ ಇರಬಹುದು.” ಪರೀಕ್ಷಕರು ಈ ವಾಕ್ಯ ಓದಿ ಅಂಕ ಕಳೆಯುವುದಿಲ್ಲ. ಊರಿಗೆ 20ರ ಬದಲು 10 ಮಂದಿಯಂತೆ ಊರುಗಳನ್ನು ದುಪ್ಪಟ್ಟು ಮಾಡಿದರೆ ನಷ್ಟ ಕಡಿಮೆಯಾಗುತ್ತದೆ, ಓಡಾಟದ ಖರ್ಚು ಹೆಚ್ಚುತ್ತದೆ. ಯಾವುದನ್ನು ಆರಿಸಿಕೊಂಡಿರಿ, ಯಾಕೆ ಎಂಬುದೂ ಸಮರ್ಥನೆಯೊಳಗೇ ಬರುತ್ತದೆ.

ಬಸ್ಸೇ ಕಾರಣ ಎಂದು ಹೇಳಬೇಕಾದರೆ

ಎರಡನೆಯ ಪ್ರಶ್ನೆಗೆ ಬಂದರೆ ಮನೆ ಮನೆಯ ಸರ್ವೆಯೂ ಸಾಲದು. ‘2023ಕ್ಕೆ ಮೊದಲು ಇಷ್ಟು, ಆಮೇಲೆ ಇಷ್ಟು’ ಎಂದು ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟರೆ, ನಡುವೆ ಆದದ್ದೆಲ್ಲ ಬಸ್ಸಿನ ಖಾತೆಗೆ ಹೋಗಿಬಿಡುತ್ತದೆ. ಆ ವರ್ಷ ಆದದ್ದಾದರೂ ಎಷ್ಟು! ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಶುರುವಾಗಿ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿತು. ಅದೇ ವರ್ಷ ಮುಂಗಾರು ಕೈಕೊಟ್ಟಿತು, ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಹೊಲದಲ್ಲಿ ಕೆಲಸ ಇಲ್ಲದಾಗ ಹೆಂಗಸರು ಊರಾಚೆ ಕೂಲಿ ಹುಡುಕುತ್ತಾರೆ. ಕೈಯಲ್ಲಿ ಎರಡು ಸಾವಿರ ಇದ್ದರೆ ಕೆಲವರು ಕಷ್ಟದ ಕೂಲಿ ಬಿಡಲೂಬಹುದು. ಮೂರೂ ಎಳೆಗಳು ಒಂದೇ ವರ್ಷದಲ್ಲಿ ಹೆಣೆದುಕೊಂಡಿವೆ.

ಪಕ್ಕದ ರಾಜ್ಯದ ಗಡಿ ಹಳ್ಳಿಗಳ ಜೊತೆ ಹೋಲಿಸೋಣ ಎಂಬ ಸಲಹೆ ಬೇಗ ಬರುತ್ತದೆ. ಬೆಳಗಾವಿ ಕಡೆಯ ಊರಿಗೆ ಎದುರಾಗಿ ಕೊಲ್ಹಾಪುರ ಕಡೆಯ ಊರು. ಆದರೆ ಮಹಾರಾಷ್ಟ್ರ 2023ರ ಮಾರ್ಚ್‌ನಲ್ಲೇ ತನ್ನ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧ ದರ ಮಾಡಿತ್ತು. ತಮಿಳುನಾಡಿನಲ್ಲಿ ನಗರ ಬಸ್ಸುಗಳು 2021ರಿಂದ ಉಚಿತ, ತೆಲಂಗಾಣ 2023ರ ಡಿಸೆಂಬರ್‌ನಲ್ಲಿ ಅದೇ ಹಾದಿ ಹಿಡಿಯಿತು. ಹೋಲಿಕೆಗೆ ಇಟ್ಟುಕೊಂಡ ಕಡೆಯೂ ಬದಲಾಗುತ್ತಿದ್ದರೆ ಅಳೆಯುವ ಕೋಲೇ ಉದ್ದವಾಗುತ್ತ ಹೋದಂತೆ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಅಂಕಿಅಂಶ ಸಿಗುತ್ತದೆ, ಅದರ ವರ್ಷ ಆಗ ಜುಲೈನಿಂದ ಜೂನ್‌ವರೆಗೆ ಇದ್ದುದರಿಂದ ಕಾಲವೂ ಚೆನ್ನಾಗಿ ಹೊಂದುತ್ತದೆ. ಆದರೆ ಅದರ ಮಾದರಿ ತಾಲ್ಲೂಕಿನ ಮಟ್ಟಕ್ಕೆ ಇಳಿಯುವುದಿಲ್ಲ, ಊರಿಗೆ ಯಾವ ಬಸ್ಸು ಬರುತ್ತದೆ ಎಂದೂ ಅದು ಕೇಳುವುದಿಲ್ಲ.

ನನಗೆ ಹೆಚ್ಚು ಒಪ್ಪಿತವಾದ ದಾರಿ ಯೋಜನೆಯ ಒಳಗೇ ಇದೆ. ಶಕ್ತಿ ನಡೆಯುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಒಂದೇ ತಾಲ್ಲೂಕಿನಲ್ಲಿ ಸರ್ಕಾರಿ ಬಸ್ಸು ಬರುವ ಊರೂ ಇರುತ್ತದೆ, ಖಾಸಗಿ ಬಸ್ಸು, ಟೆಂಪೊ, ಶೇರ್ ಆಟೋ ಮಾತ್ರ ಓಡಾಡುವ ಊರೂ ಇರುತ್ತದೆ. ಕರಾವಳಿಯಲ್ಲಂತೂ ಖಾಸಗಿ ಬಸ್ಸುಗಳದ್ದೇ ದೊಡ್ಡ ಪಾಲು. ಬರ ಎರಡೂ ಊರಿಗೆ ಬಂತು, ಗೃಹಲಕ್ಷ್ಮಿ ಎರಡೂ ಊರಿಗೆ ಬಂತು, ಉಚಿತ ಪ್ರಯಾಣ ಒಂದಕ್ಕೆ ಮಾತ್ರ ಬಂತು. ಎರಡರಲ್ಲೂ ಮೊದಲಿನ ಮತ್ತು ಈಗಿನ ಸ್ಥಿತಿ ಕೇಳಿ, ಮೊದಲ ಊರಿನ ಬದಲಾವಣೆಯಿಂದ ಎರಡನೆಯ ಊರಿನ ಬದಲಾವಣೆಯನ್ನು ಕಳೆದರೆ ಉಳಿಯುವುದು ಬಸ್ಸಿನ ಪಾಲಿಗೆ ಹತ್ತಿರವಾಗುತ್ತದೆ.

ಹತ್ತಿರವಾಗುತ್ತದೆ ಎಂದೆ. ಸರ್ಕಾರಿ ಬಸ್ಸು ಬರುವ ಊರು ಮೊದಲಿನಿಂದಲೂ ಹೆದ್ದಾರಿಗೆ ಸಮೀಪವಿರಬಹುದು, ಅಲ್ಲಿನವರ ಓಡಾಟ ಹೇಗೂ ಬೇಗ ಹೆಚ್ಚುತ್ತಿದ್ದಿರಬಹುದು. ಈ ಅನುಮಾನಕ್ಕೆ ಒಂದು ಪರಿಹಾರ ಅದೇ ಊರಿನ ಗಂಡಸರು. ಅವರಿಗೆ ರಸ್ತೆ ಅದೇ, ಮಳೆ ಅದೇ, ಟಿಕೆಟ್ ದುಡ್ಡು ಮಾತ್ರ ಕೊಡಲೇಬೇಕು. ಬಸ್ಸಿನ ಊರಿನಲ್ಲಿ ಗಂಡಸರ ಓಡಾಟವೂ ಅಷ್ಟೇ ಏರಿದ್ದರೆ ಅದು ಉಚಿತ ಬಸ್ಸಿನ ಕೆಲಸವಲ್ಲ. ಇಲ್ಲೂ ಒಂದು ಮಿತಿಯಿದೆ: ಬರ ಬಂದಾಗ ಗಂಡಸರು ಗುಳೆ ಹೋಗುವ ಊರುಗಳಲ್ಲಿ ಈ ಹೋಲಿಕೆ ಕೆಡುತ್ತದೆ. ಆದ್ದರಿಂದ ಗುಳೆ ಹೆಚ್ಚಿರುವ ತಾಲ್ಲೂಕನ್ನು ಬಿಟ್ಟು ಬೇರೆಡೆ ಹೋಗುವುದು ಮೇಲು. ಆಗ ತಾಲ್ಲೂಕಿನ ಆಯ್ಕೆಗೂ ಒಂದು ಕಾರಣ ಸಿಕ್ಕಿತು. ‘ಸಂಶೋಧಕರ ಸ್ವಂತ ತಾಲ್ಲೂಕಾದ್ದರಿಂದ’ ಎಂದು ಬರೆಯುವುದಕ್ಕಿಂತ ಇದು ಎಷ್ಟೋ ಗಟ್ಟಿ.

ನೆನಪಿನ ತೊಂದರೆಯನ್ನೂ ಮುಚ್ಚಿಡಬಾರದು. 2023ಕ್ಕೆ ಮೊದಲು ತಿಂಗಳಿಗೆ ಎಷ್ಟು ದಿನ ಕೆಲಸಕ್ಕೆ ಹೋಗುತ್ತಿದ್ದಿರಿ ಎಂದರೆ ಯಾರಿಗೂ ಖಚಿತವಾಗಿ ನೆನಪಿರುವುದಿಲ್ಲ. ‘ಆ ಯುಗಾದಿ ಹೊತ್ತಿಗೆ ಯಾರ ಹತ್ತಿರ ಕೆಲಸಕ್ಕಿದ್ದಿರಿ, ವಾರದಲ್ಲಿ ಎಷ್ಟು ದಿನ’ ಎಂದು ಹಬ್ಬಕ್ಕೆ, ಬಿತ್ತನೆಗೆ ಕಟ್ಟಿ ಕೇಳಿದರೆ ಉತ್ತರ ಸುಧಾರಿಸುತ್ತದೆ, ಪೂರ್ತಿ ಸರಿಹೋಗುವುದಿಲ್ಲ. ಎರಡೂ ಊರುಗಳಲ್ಲಿ ಮರೆವು ಒಂದೇ ಬಗೆಯದಾಗಿರುತ್ತದೆ ಎಂದು ನಂಬಿಕೊಂಡೇ ಹೋಲಿಕೆ ನಿಂತಿದೆ, ಆ ನಂಬಿಕೆಯನ್ನು ಬಾಯಿಬಿಟ್ಟು ಹೇಳಬೇಕು.

ಸಂದರ್ಶನ ಯಾವಾಗ

ಮೂರನೆಯ ಪ್ರಶ್ನೆ, ಯಾಕೆ ಹೋಗುತ್ತಿಲ್ಲ ಎಂಬುದು, ಪ್ರಶ್ನಾವಳಿಗೆ ಒಗ್ಗುವುದಿಲ್ಲ. ಉತ್ತರಗಳ ಪಟ್ಟಿ ಕೊಟ್ಟು ಗುರುತು ಹಾಕಿ ಎಂದರೆ ‘ಮನೆ ಕೆಲಸ’ ಎಂಬಲ್ಲಿ ಗುರುತು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಕೂತು ಮಾತಾಡಿದರೆ ಆ ಎರಡು ಪದ ಬಿಚ್ಚಿಕೊಳ್ಳುತ್ತದೆ: ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತದೆ, ಮುಂದಿನದು ಹತ್ತೂವರೆಗೆ, ಅಷ್ಟು ಹೊತ್ತಿಗೆ ಹೋದವರನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಇದು ದುಡ್ಡಿನ ತಡೆಯಲ್ಲ, ವೇಳಾಪಟ್ಟಿಯ ತಡೆ. ಸಂಶೋಧಕರಿಗೆ ಮೊದಲೇ ಗೊತ್ತಿಲ್ಲದ ಕಾರಣ ಪಟ್ಟಿಯಲ್ಲಿ ಇರುವುದಿಲ್ಲವಲ್ಲ, ಸಂದರ್ಶನವನ್ನು ಸಮರ್ಥಿಸುವ ಮಾತು ಅದೇ. ‘ಆಳವಾದ ಮಾಹಿತಿಗಾಗಿ’ ಎಂಬ ಸವೆದ ಮಾತಿನಿಂದ ಏನೂ ಸಿಗುವುದಿಲ್ಲ.

ಇಪ್ಪತ್ತು ಮಂದಿಯೇ ಯಾಕೆ ಎಂಬುದಕ್ಕೆ ‘ಹೊಸ ಮಾಹಿತಿ ಬರುವುದು ನಿಂತಿತು’ ಎಂದು ಬರೆದರೆ, ಅದು ನಿಂತದ್ದನ್ನು ತೋರಿಸಬೇಕು: ಹದಿನಾರನೆಯ ಸಂದರ್ಶನದ ನಂತರ ಹೊಸ ಕಾರಣ ಯಾವುದೂ ಸಿಗಲಿಲ್ಲ, ಆಮೇಲೆ ಖಚಿತಪಡಿಸಿಕೊಳ್ಳಲು ಇನ್ನು ನಾಲ್ಕು ಮಾಡಿದೆವು ಎಂಬಂತೆ. ಅತ್ತೆ ಪಕ್ಕದಲ್ಲೇ ಕೂತಿದ್ದಾಗ ಸೊಸೆ ಕೊಟ್ಟ ಉತ್ತರ ಎಷ್ಟು, ಒಬ್ಬಳೇ ಇದ್ದಾಗ ಕೊಟ್ಟದ್ದು ಎಷ್ಟು ಎಂಬುದನ್ನೂ ಗುರುತಿಸಿಡಿ. ಹೊರಗೆ ಹೋಗುವ ವಿಚಾರದಲ್ಲಿ ಅದರಿಂದ ಉತ್ತರವೇ ಬದಲಾಗುತ್ತದೆ.

ಎರಡೂ ಬೇಕು ಎಂದು ಮಿಶ್ರ ವಿಧಾನಕ್ಕೆ ಹೋಗುವವರು ಹೆಚ್ಚು. ‘ಎರಡರ ಅನುಕೂಲಗಳನ್ನೂ ಪಡೆಯಲು’ ಎಂಬುದು ಕಾರಣವಲ್ಲ. ಒಂದು ಇನ್ನೊಂದಕ್ಕೆ ಏನು ಕೊಡುತ್ತದೆ ಎಂದು ಹೇಳಬೇಕು. ನಮ್ಮ ವಿದ್ಯಾರ್ಥಿನಿ ಕೊನೆಗೆ ಮಾಡಿದ್ದು ಹೀಗೆ: ಸರ್ವೆಯಲ್ಲಿ ಬಸ್ಸಿನ ಓಡಾಟ ಹೆಚ್ಚಾಗಿಯೂ ಕೆಲಸದ ದಿನ ಹೆಚ್ಚಾಗದ ಹೆಂಗಸರನ್ನು ಗುರುತಿಸಿ, ಅವರನ್ನೇ ಸಂದರ್ಶನಕ್ಕೆ ಆಯ್ದುಕೊಂಡಳು. ಆ ಗುಂಪು ಇದೆ ಎಂದು ತೋರಿಸಿದ್ದು ಸರ್ವೆ, ಯಾಕಿದೆ ಎಂದು ಹೇಳಿದ್ದು ಸಂದರ್ಶನ. ಒಂದನ್ನು ತೆಗೆದರೆ ಇನ್ನೊಂದು ನಿಲ್ಲುವುದಿಲ್ಲ.

ಅದೇ ಪ್ಯಾರಾ, ತಿದ್ದಿದ ಮೇಲೆ

ಅವಳ ಮೊದಲ ಕರಡಿನಲ್ಲಿ ಮೇಲೆ ಕೊಟ್ಟಂಥದೇ ಪ್ಯಾರಾ ಇತ್ತು. ನಾಲ್ಕು ಸಲ ತಿದ್ದಿದ ಮೇಲೆ ಹೀಗಾಯಿತು:

“ಉಚಿತ ಪ್ರಯಾಣದಿಂದ ಊರಾಚೆಯ ಕೂಲಿ ಕೆಲಸ ಹೆಚ್ಚಿತೇ ಎಂಬುದು ಈ ಅಧ್ಯಯನದ ಪ್ರಶ್ನೆ. ಇದಕ್ಕೆ ಬಸ್ಸು ಬಳಸದವರ ಮಾಹಿತಿಯೂ ಬೇಕಿರುವುದರಿಂದ ನಿಲ್ದಾಣದ ಬದಲು ಮನೆಪಟ್ಟಿಯಿಂದ ಮಾದರಿ ಆಯ್ದಿದ್ದೇವೆ. ಶೂನ್ಯ ಟಿಕೆಟ್ ಲೆಕ್ಕ ಪ್ರಯಾಣವನ್ನಷ್ಟೇ ಎಣಿಸುವುದರಿಂದ ಮತ್ತು ಅದರಲ್ಲಿ ಮಹಿಳೆಯರ ಹಿಂದಿನ ಸ್ಥಿತಿ ಇಲ್ಲದಿರುವುದರಿಂದ ಮುಖ್ಯ ಮೂಲವಾಗಿ ಬಳಸಿಲ್ಲ. 2023ರ ಬರ ಮತ್ತು ಗೃಹಲಕ್ಷ್ಮಿಯ ಪ್ರಭಾವವನ್ನು ಬೇರ್ಪಡಿಸಲು ಒಂದೇ ತಾಲ್ಲೂಕಿನ, ಸರ್ಕಾರಿ ಬಸ್ಸಿರುವ ಮತ್ತು ಇಲ್ಲದ ಊರುಗಳನ್ನು ಹೋಲಿಸಿದ್ದೇವೆ. ಈ ಎರಡು ಬಗೆಯ ಊರುಗಳ ನಡುವೆ ಮೊದಲೇ ಇದ್ದ ವ್ಯತ್ಯಾಸ ನಮ್ಮ ಫಲಿತಾಂಶದಲ್ಲಿ ಸೇರಿರಬಹುದು. ಅದನ್ನು ಗಂಡಸರ ಓಡಾಟದ ಜೊತೆ ಹೋಲಿಸಿ ಪರಿಶೀಲಿಸಿದ್ದೇವೆ. ಫಲಿತಾಂಶ ಈ ತಾಲ್ಲೂಕಿಗೆ ಸಂಬಂಧಿಸಿದ್ದು, ರಾಜ್ಯಕ್ಕೆ ಅನ್ವಯಿಸಲು ನಮ್ಮ ಮಾದರಿ ಸಾಲದು.”

ಪ್ರತಿ ವಾಕ್ಯದಲ್ಲೂ ಪ್ರಶ್ನೆಯ ಯಾವುದೋ ಒಂದು ಅಗತ್ಯವಿದೆ, ಅದಕ್ಕೆ ತಕ್ಕ ಆಯ್ಕೆಯಿದೆ, ಬಿಟ್ಟದ್ದಕ್ಕೆ ಕಾರಣವಿದೆ. ಬಿಟ್ಟ ವಿಧಾನವನ್ನು ಹೀಗಳೆದಿಲ್ಲ, ಈ ಪ್ರಶ್ನೆಗೆ ಅದು ಎಲ್ಲಿ ಸಾಲದು ಎಂದಷ್ಟೇ ಹೇಳಿದೆ. ಇದನ್ನು ರೇಷ್ಮೆಯ ಪ್ರಬಂಧಕ್ಕೆ ಅಂಟಿಸಲು ಆಗುವುದಿಲ್ಲ.

ದುಡ್ಡು, ಸಮಯ ಕಡಿಮೆ ಇತ್ತು ಎಂಬುದು ಕಾರಣವಾಗಬಹುದೇ ಎಂದು ತುಂಬ ಮಂದಿ ಹಿಂಜರಿಯುತ್ತಾ ಕೇಳುತ್ತಾರೆ. ಖಂಡಿತ ಆಗಬಹುದು, ಬರೆಯಿರಿ. ಮೂರೇ ತಿಂಗಳಿದ್ದ ಎಂ.ಎ. ವಿದ್ಯಾರ್ಥಿ ನಿಲ್ದಾಣದಲ್ಲೇ ಸರ್ವೆ ಮಾಡಲಿ, ತಪ್ಪಿಲ್ಲ. ಆಗ ಪ್ರಶ್ನೆಯನ್ನು ‘ದಿನಾ ಪ್ರಯಾಣಿಸುವ ಮಹಿಳೆಯರ ಅನುಭವ’ ಎಂದು ಕಿರಿದು ಮಾಡಿಕೊಳ್ಳಬೇಕು, ಶೀರ್ಷಿಕೆಯಲ್ಲಿನ ‘ಗ್ರಾಮೀಣ ಮಹಿಳೆಯರ ಉದ್ಯೋಗ’ ಎಂಬುದನ್ನು ತೆಗೆಯಬೇಕು. ಜೊತೆಗೆ ಪ್ರಶ್ನಾವಳಿಯ ಮೊದಲ ಸಾಲಿನಲ್ಲಿ ‘ತಿಂಗಳಿಗೆ ಎಷ್ಟು ದಿನ ಈ ಬಸ್ಸು ಹತ್ತುತ್ತೀರಿ’ ಎಂದು ಕೇಳಿಕೊಂಡರೆ, ಹೆಚ್ಚು ಸಲ ಸಿಗುವವರ ತೂಕವನ್ನು ಆಮೇಲೆ ಇಳಿಸಬಹುದು: 25 ದಿನ ಹತ್ತುವವಳಿಗೆ 1/25, ಎರಡು ದಿನ ಹತ್ತುವವಳಿಗೆ 1/2. ಮೇಲಿನ ಊರಿನ ಲೆಕ್ಕಕ್ಕೆ ಇದನ್ನು ಹಾಕಿ ನೋಡಿ: 250ಕ್ಕೆ 10, 80ಕ್ಕೆ 40 ಬಂದು ಪ್ರಯಾಣಿಕರ ನಿಜವಾದ ಪ್ರಮಾಣ ಸಿಗುತ್ತದೆ. ಮನೆಯಲ್ಲೇ ಉಳಿದ ಐವತ್ತು ಮಂದಿ ಮಾತ್ರ ಆಗಲೂ ಸಿಗುವುದಿಲ್ಲ.